ಏಕಾಸ್ ಇಳಿಯಿತು, ಗಲ್ಲಾನೂ ಇಳಿಯಿತು

ಬಾಗಲಕೋಟೆಯಲ್ಲಿ ಕೂತು ಆನ್‌ಲೈನ್ ಅಂಗಡಿಗಳ ಜಾಹೀರಾತು ನೋಡಿಕೊಳ್ಳುವುದು ನನ್ನ ಕೆಲಸ. ಅಮೀನಗಡದ ಕರದಂಟು ಮಾರುವ ಸಾಹುಕಾರರೊಬ್ಬರ ಖಾತೆಯಲ್ಲಿ ನಾನು ಮಾಡಿದ ತಪ್ಪು ಇದು.

ಆ ತಿಂಗಳು ಕರದಂಟಿನ ಒಟ್ಟು ಮಾರಾಟ 4 ಲಕ್ಷ ರೂಪಾಯಿ. ಜಾಹೀರಾತಿನ ಖರ್ಚು 24 ಸಾವಿರ, ಜಾಹೀರಾತು ಒತ್ತಿ ಬಂದವರು ಕೊಂಡಿದ್ದು 80 ಸಾವಿರದ ಮಾಲು. 80ರಲ್ಲಿ 24 ಅಂದರೆ 30 ಪರ್ಸೆಂಟ್, ಇದೇ ಏಕಾಸ್. ಜಾಹೀರಾತಿನ ಖರ್ಚು ಕಳೆಯುವ ಮೊದಲೇ ಅವರಿಗೆ ಉಳಿಯುವುದು ಬರೀ 22 ಪರ್ಸೆಂಟ್. 'ನೂರಕ್ಕ ಮೂವತ್ತು ಜಾಹೀರಾತಿಗೇ ಹೋದ್ರ ನಮಗೇನು ಉಳೀತದ ತಮ್ಮಾ?' ಎಂದರು.

ಜನ ಯಾವ ಪದ ಹುಡುಕಿದಾಗ ನಮ್ಮ ಜಾಹೀರಾತು ಕಾಣಬೇಕೋ ಅದೇ ಕೀವರ್ಡ್. ನಾನು 'ಕರದಂಟು', 'ಡ್ರೈ ಫ್ರೂಟ್ ಸ್ವೀಟ್' ಥರದ ದುಬಾರಿ ಕೀವರ್ಡ್ ನಿಲ್ಲಿಸಿದೆ. ಅದೇ ದುಡ್ಡನ್ನು ಅವರ ಅಂಗಡಿ ಹೆಸರಿನ ಕೀವರ್ಡಿಗೆ ಹಾಕಿದೆ. ಮುಂದಿನ ತಿಂಗಳು ಅದೇ 24 ಸಾವಿರಕ್ಕೆ ಜಾಹೀರಾತಿನ ಮಾರಾಟ 1.6 ಲಕ್ಷ ಆಯಿತು. ಏಕಾಸ್ 15ಕ್ಕೆ ಇಳಿಯಿತು. ಸ್ಕ್ರೀನ್‌ಶಾಟ್ ಕಳಿಸಿ ಬೀಗಿದೆ ಕೂಡ.

ಸಂಜೆ ಫೋನ್ ಬಂತು. 'ಖರ್ಚು ಅಷ್ಟ ಐತಿ, ಮತ್ತ ಗಲ್ಲೇದಾಗ ರೊಕ್ಕ ಯಾಕ ಕಡಿಮಿ?'

ಒಟ್ಟು ಮಾರಾಟ 3.2 ಲಕ್ಷಕ್ಕೆ ಬಿದ್ದಿತ್ತು. ಅದೇ ಖರ್ಚನ್ನು ಒಟ್ಟು ಮಾರಾಟದಿಂದ ಭಾಗಿಸಿದರೆ ಸಿಗುವುದು ಟೇಕಾಸ್. ಅದು 6ರಿಂದ 7.5ಕ್ಕೆ ಏರಿತ್ತು. ಜಾಹೀರಾತಿಲ್ಲದೆ ಬರುತ್ತಿದ್ದ ಮಾರಾಟ 3.2 ಲಕ್ಷದಿಂದ 1.6 ಲಕ್ಷಕ್ಕೆ, ಅಂದರೆ ಅರ್ಧಕ್ಕೆ ಇಳಿದಿತ್ತು. ಆ 22 ಪರ್ಸೆಂಟಿನಲ್ಲಿ ಜಾಹೀರಾತಿನ ಖರ್ಚು ಕಳೆದ ಮೇಲೆ ಉಳಿಯುತ್ತಿದ್ದ 64 ಸಾವಿರ, 46,400 ಆಗಿತ್ತು. ಎರಡೂ ಹಬ್ಬವಿಲ್ಲದ ತಿಂಗಳು, ಬೆಲೆಯೂ ಅಷ್ಟೇ, ಸ್ಟಾಕೂ ಖಾಲಿಯಾಗಿರಲಿಲ್ಲ.

ಸರ್ಚ್ ಟರ್ಮ್ ರಿಪೋರ್ಟ್ ತೆಗೆದಾಗ ಗೊತ್ತಾಯಿತು. ಜಾಹೀರಾತಿನ ಆರ್ಡರುಗಳಲ್ಲಿ ಹೆಚ್ಚಿನವು ಅಂಗಡಿ ಹೆಸರು ಟೈಪ್ ಮಾಡಿದವರದು. ಅವರು ಹೇಗೂ ಇವರನ್ನೇ ಹುಡುಕಿ ಬಂದವರು, ಅಲ್ವಾ? ಜಾಹೀರಾತು ಇರದಿದ್ದರೆ ಕೆಳಗಿನ ಸಾಮಾನ್ಯ ಲಿಸ್ಟಿಂಗ್ ಒತ್ತುತ್ತಿದ್ದರು. ಪುಕ್ಕಟೆ ಬರುವ ಗಿರಾಕಿಗೆ ನಾವು ಕ್ಲಿಕ್ಕಿನ ದುಡ್ಡು ಕಟ್ಟಿದ್ದೆವು. ಬರೀ 'ಕರದಂಟು' ಎಂದು ಹುಡುಕುವ ಹೊಸಬರ ಕಣ್ಣಿಗೆ ನಾವು ಬೀಳುತ್ತಲೇ ಇರಲಿಲ್ಲ.

ಖಾತ್ರಿ ಮಾಡಿಕೊಳ್ಳಲು ಹೆಸರಿನ ಕೀವರ್ಡ್ ಎರಡು ವಾರ ನಿಲ್ಲಿಸಿದೆ. ಜಾಹೀರಾತಿನ ಮಾರಾಟ ಕುಸಿಯಿತು, ಒಟ್ಟು ಮಾರಾಟ ಹೆಚ್ಚು ಕದಲಲಿಲ್ಲ. ಆಮೇಲೆ ಹಳೆಯ ಕೀವರ್ಡುಗಳನ್ನು ಒಂದೊಂದಾಗಿ ಶುರು ಮಾಡಿದೆ. ಏಕಾಸ್ ಮತ್ತೆ 28ಕ್ಕೆ ಹತ್ತಿತು. ಈ ಸಲ ಸಾಹುಕಾರರು ಬಯ್ಯಲಿಲ್ಲ.

ಟೇಕಾಸ್ ಕೂಡ ಮೋಸ ಮಾಡಬಹುದು. ಅದೇ ಖಾತೆಯಲ್ಲಿ ಜಾಹೀರಾತೇ ಇಲ್ಲದ ಲಡಗಿ ಲಾಡು ಇದೆ. ಅದರ ಮಾರಾಟ ಸೇರಿಸಿದರೆ ಅಂಕಿ ಸುಮ್ನೆ ಚಿಕ್ಕದಾಗಿ ಕಾಣುತ್ತದೆ. ಹಾಗಾಗಿ ಕರದಂಟಿನ ಖರ್ಚಿಗೆ ಕರದಂಟಿನ ಮಾರಾಟವನ್ನಷ್ಟೇ ಇಟ್ಟು ಲೆಕ್ಕ ಹಾಕುತ್ತೇನೆ. ಹೆಸರಿನ ಕೀವರ್ಡಿಗೆ ಈಗಲೂ ಚಿಕ್ಕದೊಂದು ಬಿಡ್ ಇಟ್ಟಿದ್ದೇನೆ, ಯಾಕೆಂದರೆ ಎದುರಾಳಿಯೊಬ್ಬ ನಮ್ಮ ಹೆಸರಿನ ಮೇಲೆ ತನ್ನ ಜಾಹೀರಾತು ಹಾಕತೊಡಗಿದ್ದಾನೆ.