"ಜನ ದೂರ ಇದ್ದರು"

ಇವತ್ತು ಕಾರವಾರದ ನಮ್ಮ ಸ್ಟೀಲ್ ಯಾರ್ಡಿನಲ್ಲಿ ಕ್ರೇನಿನಿಂದ ಪ್ಲೇಟಿನ ಕಟ್ಟು ಬಿತ್ತು. ಯಾರಿಗೂ ಏನೂ ಆಗಲಿಲ್ಲ.

ರಿಜಿಸ್ಟರಿನಲ್ಲಿ ಮೊದಲು ಬರೆದದ್ದು: "ತೂಕ ಸುಮಾರು 2 ಟನ್. ಬೆಲ್ಟು ಹರಿಯಿತು. ಜನ ದೂರ ಇದ್ದರು."
ಇದರಿಂದ ಏನು ಗೊತ್ತಾಗುತ್ತದೆ ಮಾರಾಯ್ರೇ?

ಟೇಪು ಹಿಡಿದೆವು. 4 ಪ್ಲೇಟು, 6 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, 10 ಮಿ.ಮೀ. ದಪ್ಪ. ಉಕ್ಕಿನ ಲೆಕ್ಕ ಸುಲಭ: 1 ಮಿ.ಮೀ. ದಪ್ಪದ ಒಂದು ಚದರ ಮೀಟರಿಗೆ 7.85 ಕೆಜಿ. ಒಟ್ಟು 2.8 ಟನ್.

ಎರಡು ತುದಿಗೆ ಒಂದೊಂದು ಹಸಿರು ಬೆಲ್ಟು, ಅಂದರೆ 2 ಟನ್ನಿನದು. ಕುಣಿಕೆ ಹಾಕಿದರೆ ಅದೂ 1.6ಕ್ಕೆ ಇಳಿಯುತ್ತದೆ. ಬೆಲ್ಟು ಗಿಡ್ಡ ಆಗಿ, ಪ್ಲೇಟಿಗೆ 30 ಡಿಗ್ರಿಯಷ್ಟೇ ಓರೆ ಇತ್ತು. ಆಗ ಒಂದೊಂದು ಬೆಲ್ಟಿಗೂ ಬೀಳುವುದು ಅರ್ಧ ಭಾರ ಅಲ್ಲ, ಪೂರ್ತಿ 2.8 ಟನ್ ಎಳೆತ.

ಆದರೂ ಹರಿಯಬಾರದಿತ್ತು. ಒಳ್ಳೆ ಬೆಲ್ಟಿಗೆ ಏಳು ಪಟ್ಟು ತಾಳಿಕೆ ಇಟ್ಟಿರುತ್ತಾರೆ. ಹರಿದ ತುದಿ ನೋಡಿದೆ. ಬರೀ ಎಳೆತಕ್ಕೆ ಹೋಗಿದ್ದರೆ ದಾರವೆಲ್ಲ ಜೂಲು ಜೂಲಾಗಿರುತ್ತಿತ್ತು. ಇದು ಮೆಟ್ಟುಗತ್ತಿಯಲ್ಲಿ ಹೆಚ್ಚಿದ ಹಾಗೆ ನೇರ. ಪ್ಲೇಟಿನ ಅಂಚಿಗೆ ಪ್ಯಾಡ್ ಕೊಟ್ಟಿರಲಿಲ್ಲ. ಬಿಗಿಯಾದ ಬೆಲ್ಟು ಸ್ವಲ್ಪ ಜಾರಿದರೂ ಸಾಕು, ಅಂಚು ಕೊಯ್ಯುತ್ತದೆ. ರಿಜಿಸ್ಟರಿನಲ್ಲಿ ಅದರ ಸುದ್ದಿಯೇ ಇಲ್ಲ.

ಇನ್ನು "ದೂರ". ಹೆಲ್ಪರ್ ಹುಡುಗ, "ಅಣ್ಣಾ, ಹತ್ತು ಮೀಟರ್ ಇದ್ದೆ" ಅಂದ. ಕ್ಯಾಮೆರಾದಲ್ಲಿ ಅವನು ನಿಂತ ಜಾಗ ನೋಡಿ ಅಳೆದರೆ 4. ಮೇಲಿನ ಪ್ಲೇಟು ಬಿದ್ದ ಮೇಲೆ ಅವನ ಕಡೆಗೇ 3 ಮೀಟರ್ ಜಾರಿತ್ತು. ಎರಡೂ ಅಳತೆ ಬರೆಸಿದ್ದೇನೆ. ಸೂಪರ್‌ವೈಸರ್‌ಗೆ ಸ್ವಲ್ಪ ಸಿಟ್ಟು ಬಂದಿದೆ, ಇರಲಿ.