ರಜಿಸ್ಟರಿನಲ್ಲಿ ಎರಡೆರಡು ಸಲ ಬಂದ ಹೆಸರುಗಳು

ನಾನು ಗದಗ-ಬೆಟಗೇರಿಯಲ್ಲಿ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. ನೇಕಾರರಿಗೆ, ಟೇಲರ್‌ಗಳಿಗೆ ಹತ್ತಿರದ ದೃಷ್ಟಿಯ ಕನ್ನಡಕ ಕೊಡುವುದು ನಮ್ಮ ಕೆಲಸ. ತಿಂಗಳ ವರದಿ ಬರೆದು ದಾನಿಗಳಿಗೆ ಕಳಿಸುವುದು ನನ್ನ ಪಾಲಿಗೆ ಬಂದದ್ದು. ಕಳೆದ ತಿಂಗಳ ವರದಿ ಬರೆಯುವಾಗ ಒಂದು ತಪ್ಪು ಸಿಕ್ಕಿತು. ಅದನ್ನೇ ಹೇಳುತ್ತೇನೆ.

ವಾರಕ್ಕೊಂದರಂತೆ ನಾಲ್ಕು ಶಿಬಿರ ಆಗಿದ್ದವು. ರಜಿಸ್ಟರಿನಲ್ಲಿ 214 ಸಾಲು. ನಾನು ಎಂದಿನಂತೆ ‘214 ಜನರ ಕಣ್ಣು ತಪಾಸಣೆ, 149 ಕನ್ನಡಕ ವಿತರಣೆ’ ಎಂದು ಬರೆದೆ. ಕನ್ನಡಕದ ಡಬ್ಬಿ ನೋಡಿಕೊಳ್ಳುವ ಹುಡುಗ ಅದನ್ನು ಓದಿ, ‘ಮೇಡಂ, 149 ಹೋಗ್ಯಾವ ಖರೇ, ಆದ್ರ 19 ವಾಪಸ್ ಬಂದಾವಲ್ರೀ’ ಅಂದ. ನನಗೆ ಹೊಳೆದೇ ಇರಲಿಲ್ಲ.

ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಫೋನ್ ನಂಬರ್ ಪ್ರಕಾರ ಜೋಡಿಸಿದೆ. ಇಲ್ಲೊಂದು ಎಡವಟ್ಟು ಇದೆ. ನಮ್ಮ ಕಡೆ ಅತ್ತೆ, ಸೊಸೆ, ಮಗ ಮೂವರೂ ಒಂದೇ ನಂಬರ್ ಕೊಡುತ್ತಾರೆ. ನಂಬರ್ ಒಂದೇ ಅಂತ ಅಳಿಸುತ್ತಾ ಹೋದರೆ ನಿಜವಾದ ಜನರೇ ಅಳಿಸಿಹೋಗುತ್ತಾರೆ. ಹಾಗಾಗಿ ನಂಬರ್, ಹೆಸರು, ವಯಸ್ಸು, ಓಣಿ ನಾಲ್ಕನ್ನೂ ಪಕ್ಕ ಪಕ್ಕ ಇಟ್ಟು ಕಣ್ಣಿಂದಲೇ ನೋಡಿದೆ. ಅರ್ಧ ದಿನ ಹೋಯಿತು. 31 ಸಾಲುಗಳು ಎರಡನೇ ಸಲ ಬಂದವರದ್ದು. ಅಂದರೆ ಬಂದವರು 183 ಜನ. ಅವರಲ್ಲಿ ಕನ್ನಡಕ ಪಡೆದವರು 127. ಪೊರೆ ಅಥವಾ ಬೇರೆ ತೊಂದರೆ ಇದೆ ಅಂತ ಹುಬ್ಬಳ್ಳಿಯ ಆಸ್ಪತ್ರೆಗೆ ಬರೆದುಕೊಟ್ಟವರು 38. ಏನೂ ಬೇಡವಾಗಿದ್ದವರು 18.

ಸುಮ್ನೆ 31 ಕಳೆದು ವರದಿ ಕಳಿಸಬಹುದಿತ್ತು. ಆದರೆ ಆ 31 ಜನ ಯಾಕೆ ಮತ್ತೆ ಬಂದರು ಅನ್ನುವುದು ತಲೆಗೆ ಹೊಕ್ಕಿತು. ಷರಾ ಕಾಲಂ ಓದಿದೆ. 9 ಜನ ಫ್ರೇಮು ಸಡಿಲ, ಮೂಗಿನ ಮೇಲಿಂದ ಜಾರುತ್ತದೆ ಎಂದು ಬಂದವರು. 3 ಜನ ಕಳೆದುಕೊಂಡವರು. ಉಳಿದ 19 ಜನ ಪವರ್ ಸರಿಯಿಲ್ಲ ಎಂದು ಬದಲಾಯಿಸಿಕೊಂಡವರು. ಆ 19ರಲ್ಲಿ 16 ಜನ ಮಗ್ಗದಲ್ಲಿ ಕೂರುವವರು. ಟೇಲರ್‌ಗಳು ಒಬ್ಬರೋ ಇಬ್ಬರೋ. ಇಷ್ಟು ದಿನ ನಾನು ನಮ್ಮ ಸಾಧನೆ ಅಂತ ಕೂಡಿಸುತ್ತಿದ್ದ ಸಾಲುಗಳು ನಮ್ಮದೇ ತಪ್ಪಿನ ಲೆಕ್ಕವಾಗಿದ್ದವು!

ತಪ್ಪು ಏನೆಂದು ತಿಳಿದದ್ದು ಒಬ್ಬ ಅಕ್ಕನ ಮನೆಯಲ್ಲಿ. ಐವತ್ತು ದಾಟಿದವರು, ಮೂವತ್ತು ವರ್ಷದಿಂದ ನೇಯುತ್ತಿದ್ದಾರೆ. ಶಿಬಿರದಲ್ಲಿ ಅವರ ಕೈಗೆ ಓದುವ ಕಾರ್ಡು ಕೊಟ್ಟು, 40 ಸೆಂಟಿಮೀಟರ್ ದೂರದಲ್ಲಿ ಹಿಡಿಸಿ, +2.00 ಕೊಟ್ಟಿದ್ದೆವು. ಕಾರ್ಡಿನ ಕೊನೆಯ ಸಾಲನ್ನೂ ಪಟಪಟ ಓದಿದ್ದರು. ಮನೆಗೆ ಹೋಗಿ ಮಗ್ಗದಲ್ಲಿ ಕೂತರೆ ಎಳೆ ಮಸುಕು. ‘ಕನ್ನಡಕ ಹಾಕ್ಕೊಂಡ್ರ ಎಳಿ ಕಾಣಾಕ ಮುಂದ ಬಗ್ಗಬೇಕ್ರೀ, ಬಗ್ಗಿದ್ರ ಕುತಿಗಿ ಹಿಡೀತೈತಿ’ ಅಂದರು. ಅವರು ಕೂತಲ್ಲೇ ಟೇಪು ಹಿಡಿದೆವು. ಕಣ್ಣಿನಿಂದ ಹಣಿಗೆಯ ಹತ್ತಿರದ ಎಳೆಗೆ ಸುಮಾರು 60 ಸೆಂಟಿಮೀಟರ್. ಪವರ್ ಹೆಚ್ಚಿದಷ್ಟೂ ಸ್ಪಷ್ಟವಾಗಿ ಕಾಣುವ ಜಾಗ ಕಣ್ಣಿಗೆ ಹತ್ತಿರ ಬರುತ್ತದೆ. ಪುಸ್ತಕದ ದೂರಕ್ಕೆ ಹೊಂದಿಸಿದ ಕನ್ನಡಕ ಮಗ್ಗಕ್ಕೆ ಜಾಸ್ತಿಯಾಗಿತ್ತು, ಅಷ್ಟೇ. +1.25 ಹಾಕಿದ ಮೇಲೆ ಬೆನ್ನು ನೆಟ್ಟಗೆ ಇಟ್ಟುಕೊಂಡೇ ಹರಿದ ಎಳೆಗೆ ಗಂಟು ಹಾಕಿದರು. ಅಕ್ಕಿ ಆರಿಸಲು ಮೊದಲಿನದೇ ಚೆನ್ನಾಗಿತ್ತು ಅಂತ ನಗುತ್ತಾ ಹೇಳಿದರು. ಅದೂ ನಿಜವೇ. ಈಗ ಶಿಬಿರದಲ್ಲಿ ಮೊದಲ ಪ್ರಶ್ನೆ ‘ಏನು ಕೆಲಸ ಮಾಡ್ತೀರಿ, ಎಷ್ಟು ದೂರ ನೋಡ್ತೀರಿ’ ಎಂಬುದು. ನೇಕಾರರಿಗೆ ಒಂದು ಕೋಲಿಗೆ ನೂಲು ಕಟ್ಟಿ ಅವರ ಮಗ್ಗದ ದೂರದಲ್ಲೇ ಹಿಡಿದು ತೋರಿಸುತ್ತೇವೆ.

ಈ ಅಕ್ಕನ ಕಥೆಯನ್ನೇ ವರದಿಗೆ ಹಾಕಬೇಕು ಅನ್ನಿಸಿತು. ಒಪ್ಪಿಗೆ ಪತ್ರದಲ್ಲಿ ಅವರ ಸಹಿ ಆಗಲೇ ಇತ್ತು. ಶಿಬಿರದ ದಿನ ಸಾಲಿನಲ್ಲಿ ನಿಂತಾಗಲೇ ಎಲ್ಲರ ಹತ್ತಿರ ಹಾಕಿಸಿಕೊಳ್ಳುತ್ತಿದ್ದೆವು. ಕನ್ನಡಕ ಇನ್ನೂ ಕೈಗೆ ಬಂದಿಲ್ಲ, ಹಿಂದೆ ನಲವತ್ತು ಜನ ನಿಂತಿದ್ದಾರೆ. ಆಗ ಯಾರು ಒಲ್ಲೆ ಅಂತಾರೆ? ಅದು ಒಪ್ಪಿಗೆ ಅಲ್ಲ ಅಂತ ಬಿಟ್ಟೆ. ಕನ್ನಡಕ ಕೊಟ್ಟು ವಾರ ಕಳೆದ ಮೇಲೆ ಬರೆದದ್ದನ್ನು ಹಿಡಿದು ಮತ್ತೆ ಅವರ ಮನೆಗೆ ಹೋಗಿ, ಸಾಲು ಸಾಲಾಗಿ ಓದಿ ಹೇಳಿದೆ. ಇದು ವಾಟ್ಸ್ಆ್ಯಪ್‌ನಲ್ಲಿ ಓಣಿಗೂ ಬರಬಹುದು ಅಂತಲೂ ಹೇಳಿದೆ.

ಎರಡು ಕಡೆ ತಡೆದರು. ಒಂದು, ದಿನದ ಕೂಲಿ ಬರೆದ ಸಾಲು. ‘ಸಾವ್ಕಾರ್ರು ಓದಿದ್ರ ನಾ ದೂರು ಹೇಳೇನಿ ಅಂತ ತಿಳ್ಕೊಂತಾರ, ಬ್ಯಾಡವ್ವ.’ ಎರಡನೆಯದು ನನಗೆ ಎಂದೂ ಹೊಳೆಯುತ್ತಿರಲಿಲ್ಲ. ಮುಖ ಬೇಡ ಎಂದು ನಾನು ಮಗ್ಗದ ಮೇಲಿನ ಕೈ ಮಾತ್ರ ಫೋಟೋ ತೆಗೆದಿದ್ದೆ. ಅವರು ಫೋನನ್ನು ಕೈಗೆ ತಗೊಂಡು, ಸ್ವಲ್ಪ ದೂರ ಹಿಡಿದು ನೋಡಿ, ‘ಈ ದಡಿ ನೋಡಿದ್ರ ಸಾಕು, ಯಾರ ಸೀರಿ, ಯಾರ ಮನಿ ಮಗ್ಗ ಅಂತ ಬೆಟಗೇರ್ಯಾಗ ಎಲ್ಲಾರಿಗೂ ಗೊತ್ತಾಗ್ತೈತಿ’ ಅಂದರು. ಅಳಿಸಿದೆ. ವರದಿಯಲ್ಲಿ ಈಗ ಇರುವುದು ಹೊಸ್ತಿಲ ಮೇಲಿಟ್ಟ ಕನ್ನಡಕದ ಫೋಟೋ. ಹೆಸರಿಲ್ಲ, ಓಣಿಯಿಲ್ಲ. ಮುಂದೆ ಯಾವಾಗ ಬೇಡ ಅನ್ನಿಸಿದರೂ ನನಗೊಂದು ಮಿಸ್ಡ್ ಕಾಲ್ ಕೊಟ್ಟರೆ ತೆಗೆದುಹಾಕುತ್ತೇನೆ ಎಂದು ನಂಬರ್ ಬರೆದುಕೊಟ್ಟು ಬಂದೆ. 2023ರ ವೈಯಕ್ತಿಕ ಡೇಟಾ ಕಾಯ್ದೆಯೂ ಇದನ್ನೇ ಹೇಳುತ್ತದೆ: ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯುವಂತಿರಬೇಕು. ಆದರೆ ಒಮ್ಮೆ ಫಾರ್ವರ್ಡ್ ಆದದ್ದನ್ನು ನಾನು ಎಳೆದು ತರಲಾರೆ. ಅದನ್ನೂ ಅವರಿಗೆ ಹೇಳಿದೆ.

ಇನ್ನು ಕೇಳುವ ಮಾತು. ಹಿಂದೆ ಕೊನೆಗೆ ‘ಕೈಲಾದಷ್ಟು ಸಹಾಯ ಮಾಡಿ’ ಅಂತ ಬರೆಯುತ್ತಿದ್ದೆ. ಕೈಮುಗಿದ ಚಿತ್ರಗಳು ಬರುತ್ತಿದ್ದವು, ದುಡ್ಡು ಬರುತ್ತಿರಲಿಲ್ಲ. ಈ ಸಲ ನೇರವಾಗಿ ಬರೆದೆ: ನೇಕಾರರಿಗೆ ಬೇಕಾದ +1.00, +1.25, +1.50 ಕನ್ನಡಕ ನಮ್ಮ ಡಬ್ಬಿಯಲ್ಲಿ ಮುಗಿದಿವೆ. ಒಂದಕ್ಕೆ ನಮಗೆ ಬೀಳುವುದು 140 ರೂಪಾಯಿ. 60 ಬೇಕು, ಒಟ್ಟು 8,400. ಅಷ್ಟು ಬಂದ ದಿನ ಸಾಕು ಅಂತ ತಿಳಿಸುತ್ತೇವೆ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಬ್ಯಾಂಕ್ ಮೂಲಕವೇ ಹಾಕಿ. ವಿದೇಶಿ ಪಾಸ್‌ಪೋರ್ಟ್ ಇರುವ ಬಂಧುಗಳಿಂದ ಹಾಕಿಸಬೇಡಿ, ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ನಮಗೆ ಇಲ್ಲ.

ದುಡ್ಡಿಗಿಂತ ಕಷ್ಟದ್ದು ಎರಡನೇ ಕೋರಿಕೆ. ಆಸ್ಪತ್ರೆಗೆ ಬರೆದುಕೊಟ್ಟ 38 ಜನರಲ್ಲಿ ತಿಂಗಳ ಕೊನೆಗೆ ಹೋಗಿಬಂದವರು 14 ಮಾತ್ರ. ಮೊದಲು ಬಸ್ ಖರ್ಚು ಕೇಳೋಣ ಅಂದುಕೊಂಡಿದ್ದೆ. ಹೋಗದ 24 ಜನರಿಗೆ ಫೋನ್ ಮಾಡಿದರೆ, ಹೆಚ್ಚಿನವರು ಹೆಂಗಸರು. ಶಕ್ತಿ ಯೋಜನೆಯಲ್ಲಿ ಅವರಿಗೆ ಸರ್ಕಾರಿ ಬಸ್ ಪುಕ್ಕಟೆ. ಅಡ್ಡಿಯಾಗಿದ್ದು ಟಿಕೆಟ್ ಅಲ್ಲ, ಜೊತೆಗೆ ಬರುವವರಿಲ್ಲ. ಮಗ ರಜೆ ಹಾಕಿದರೆ ಒಂದು ದಿನದ ಕೂಲಿ ಹೋಗುತ್ತದೆ. ಹಾಗಾಗಿ ‘ಗುರುವಾರ ಬೆಳಗ್ಗೆ ಬೆಟಗೇರಿಯಿಂದ ಹುಬ್ಬಳ್ಳಿಗೆ ಮೂರು ನಾಲ್ಕು ಜನರನ್ನು ಕರೆದುಕೊಂಡು ಹೋಗಿ, ಚೀಟಿ ಮಾಡಿಸಿ, ಸಂಜೆ ವಾಪಸ್ ಕರೆತರುವವರು ಬೇಕು’ ಎಂದು ಬರೆದೆ.

ವರದಿಯ ಮೊದಲ ಸಾಲಿನಲ್ಲೇ, ಹಿಂದಿನ ತಿಂಗಳುಗಳಲ್ಲಿ ನಾವು ಜನರನ್ನಲ್ಲ, ಸಾಲುಗಳನ್ನು ಎಣಿಸಿದ್ದೆವು, ಅವನ್ನೂ ಸರಿಪಡಿಸುತ್ತಿದ್ದೇವೆ ಅಂತ ಹಾಕಿದೆ. ಒಬ್ಬ ದಾನಿ ಫೋನ್ ಮಾಡಿ, ‘ಏನ್ರೀ, ಈ ಸಲ ಕೆಲಸ ಕಡಿಮಿ ಆಗೇತಿ?’ ಅಂತ ಕೇಳಿದರು. ಹತ್ತು ನಿಮಿಷ ವಿವರಿಸಿದೆ. ‘ಹಂಗಾದ್ರ 19ರ ಲೆಕ್ಕಾನೂ ತಿಂಗಳಾ ಹಾಕ್ರಿ’ ಅಂದರು. ಹಾಕುತ್ತೇನೆ.

8,400 ರೂಪಾಯಿ ನಾಲ್ಕು ದಿನದಲ್ಲಿ ತುಂಬಿತು. ಗುರುವಾರಕ್ಕೆ ಸಿಕ್ಕವರು ಒಬ್ಬರೇ, ನಿವೃತ್ತ ಬಸ್ ಕಂಡಕ್ಟರ್. ಮೊದಲ ವಾರ ಮೂವರನ್ನು ಕರೆದುಕೊಂಡು ಹೋಗಿದ್ದರು. ಉಳಿದವರು ಇನ್ನೂ 21.