ಕರೆಂಟ್ ತಡವಾಗಿ ಕಂಡರೆ ಬ್ರೇಕರ್ ತಡವಾಗಿದೆ ಎಂದಲ್ಲ

ಈ ವಾರ ನೋಡಿದ ಒಂದು ರೆಕಾರ್ಡರ್ ಗ್ರಾಫ್ ತಲೆಯಿಂದ ಇಳಿಯುತ್ತಿಲ್ಲ. 400/220 ಕೆವಿ, 315 ಎಂವಿಎ ಆಟೋ ಟ್ರಾನ್ಸ್‌ಫಾರ್ಮರ್ ಚಾರ್ಜ್ ಮಾಡಿದಾಗಿನದು. ಪಾಯಿಂಟ್ ಆನ್ ವೇವ್ ಕಂಟ್ರೋಲರ್ ಇದ್ದೂ ಇನ್‌ರಶ್ ಜೋರಾಗಿಯೇ ಬಂದಿತ್ತು. ಗ್ರಾಫ್ ತೋರಿಸಿದ ಹುಡುಗನ ಮಾತು ಇಷ್ಟೇ: "ಸಾರ್, ಆರ್ ಫೇಸ್ ಕರೆಂಟು ವೋಲ್ಟೇಜ್ ಪೀಕ್ ಆಗಿ ಒಂದೂವರೆ ಮಿಲಿಸೆಕೆಂಡ್ ಮೇಲೆ ಎದ್ದಿದೆ. ಬ್ರೇಕರ್ ಲೇಟು. ಅಷ್ಟು ಹಿಂದಕ್ಕೆ ಎಳೆದರೆ ಆಯ್ತಲ್ವಾ?"

ಹುಡುಗ ಚುರುಕು. ಗ್ರಾಫ್ ಓದಿದ್ದೂ ಸರಿಯೇ, ಕರೆಂಟ್ ಎದ್ದದ್ದು ಅಲ್ಲಿಯೇ. ಆದರೆ ಬ್ರೇಕರ್ ಲೇಟಾಗಿರಲಿಲ್ಲ, ಬೇಗ ಆಗಿತ್ತು.

ಕೋರ್‌ನಲ್ಲಿ ಉಳಿಕೆ ಫ್ಲಕ್ಸ್ ಇಲ್ಲ ಎಂದಿಟ್ಟುಕೊಳ್ಳಿ. ಸ್ಥಿರವಾಗಿ ಓಡುತ್ತಿರುವ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ಪೀಕ್‌ನಲ್ಲಿರುವಾಗ ಫ್ಲಕ್ಸ್ ಸೊನ್ನೆ. ಅದಕ್ಕೇ ಮೊದಲ ಪೋಲನ್ನು ಪೀಕ್‌ನಲ್ಲಿ ಸೇರಿಸುತ್ತೇವೆ. ಅಲ್ಲಿಂದ ಒಂದು ಮಿಲಿಸೆಕೆಂಡ್ ತಪ್ಪಿದರೆ 50 ಹರ್ಟ್ಸ್‌ನಲ್ಲಿ 18 ಡಿಗ್ರಿ. ಫ್ಲಕ್ಸ್ ತನ್ನ ಮಾಮೂಲಿ ಪೀಕ್‌ನ 0.31 ಪಾಲು ಒಂದು ಕಡೆಗೆ ಸರಿಯುತ್ತದೆ. ಎರಡು ತಪ್ಪಿದರೆ 0.59. ಸೊನ್ನೆಯಲ್ಲೇ ಸೇರಿಸಿದರೆ ಪೂರ್ತಿ ಒಂದು, ಅಂದರೆ ಫ್ಲಕ್ಸ್ ಎರಡು ಪಟ್ಟಿಗೆ ಏರುತ್ತದೆ.

ಈ ಬ್ರೇಕರ್‌ನಲ್ಲಿ ಟೈಮಿಂಗ್ ಟೆಸ್ಟ್ ಶೀಟ್‌ನ ಕ್ಲೋಸಿಂಗ್ ಟೈಮನ್ನು ಹಾಗೇ ಕಂಟ್ರೋಲರ್‌ಗೆ ಕೊಟ್ಟಿದ್ದರು. ಟೆಸ್ಟ್ ಕಿಟ್ ಅಳೆಯುವುದು ಕಾಂಟ್ಯಾಕ್ಟ್ ಲೋಹಕ್ಕೆ ಲೋಹ ತಗಲುವ ಕ್ಷಣವನ್ನು. 400 ಕೆವಿ ಸಿಸ್ಟಮ್‌ನಲ್ಲಿ ಫೇಸ್ ವೋಲ್ಟೇಜ್ ಪೀಕ್ ಸುಮಾರು 327 ಕೆವಿ. ಕಾಂಟ್ಯಾಕ್ಟ್ ಹತ್ತಿರ ಬರುತ್ತಿದ್ದಂತೆ ನಡುವಿನ ಗ್ಯಾಪ್ ತಡೆಯುವ ವೋಲ್ಟೇಜ್ ಈ ಬ್ರೇಕರ್‌ನಲ್ಲಿ ಮಿಲಿಸೆಕೆಂಡ್‌ಗೆ 80 ಕೆವಿಯಂತೆ ಇಳಿಯುತ್ತದೆ. ತಗಲುವ ಮೊದಲೇ ಆರ್ಕ್ ಹಾರಿ ಸರ್ಕ್ಯೂಟ್ ಕೂಡಿಬಿಡುತ್ತದೆ. ಲೋಹ ತಗಲುವುದನ್ನು ಪೀಕ್‌ಗೆ ಗುರಿಯಿಟ್ಟರೆ, ಈ ಪ್ರಿ-ಸ್ಟ್ರೈಕ್ ಪೀಕ್‌ಗಿಂತ 2.7 ಮಿಲಿಸೆಕೆಂಡ್ ಮೊದಲೇ ಆಗುತ್ತದೆ: ಗ್ಯಾಪ್ ತಡೆಯಬಲ್ಲದ್ದು ಆಗ 216 ಕೆವಿ, ವೋಲ್ಟೇಜೂ 216. ಫ್ಲಕ್ಸ್ 0.75 ಪಾಲು ಸರಿದು ಪೀಕ್ 1.75ಕ್ಕೆ ಹೋಗುತ್ತದೆ. ಕೋರ್ 1.2ರ ಆಸುಪಾಸಿನಲ್ಲೇ ಸ್ಯಾಚುರೇಟ್ ಆಗುತ್ತದೆ ಅಂದರೆ ಉಳಿದದ್ದೆಲ್ಲ ಇನ್‌ರಶ್.

ಈಗ ಹುಡುಗನ ಒಂದೂವರೆ ಮಿಲಿಸೆಕೆಂಡ್‌ಗೆ ಬರೋಣ. ಸರ್ಕ್ಯೂಟ್ ಕೂಡಿದ ಕ್ಷಣದಲ್ಲಿ ಕರೆಂಟ್ ಏಳುವುದಿಲ್ಲ. ಫ್ಲಕ್ಸ್ ಸೊನ್ನೆಯಿಂದ ಏರುತ್ತಾ 1.2 ದಾಟುವವರೆಗೆ ಇರುವುದು ಕಣ್ಣಿಗೆ ಬೀಳದ ನೋ-ಲೋಡ್ ಕರೆಂಟ್. ಲೆಕ್ಕ ಹಾಕಿದರೆ ಆ ಗಡಿ ಪೀಕ್ ಆಗಿ 1.5 ಮಿಲಿಸೆಕೆಂಡ್ ಮೇಲೆ ದಾಟುತ್ತದೆ. ಅಂದರೆ ಕೂಡಿದ್ದಕ್ಕೂ ಕಂಡದ್ದಕ್ಕೂ 4.2 ಮಿಲಿಸೆಕೆಂಡ್ ಅಂತರ. ಅವನು ಹೇಳಿದಂತೆ 1.5 ಹಿಂದಕ್ಕೆ ಎಳೆದಿದ್ದರೆ ಪ್ರಿ-ಸ್ಟ್ರೈಕ್ ಪೀಕ್‌ಗಿಂತ 3.4 ಮಿಲಿಸೆಕೆಂಡ್ ಮೊದಲು ಆಗಿ, ಫ್ಲಕ್ಸ್ 1.88 ಮುಟ್ಟುತ್ತಿತ್ತು. ಇನ್‌ರಶ್ ಇನ್ನೂ ಜಾಸ್ತಿ. ಆಮೇಲೆ "ಈ ಕಂಟ್ರೋಲರೇ ಸರಿ ಇಲ್ಲ" ಎಂದು ಬೈಪಾಸ್ ಹಾಕುವವರನ್ನು ನಮ್ಮ ಲೈನ್‌ನಲ್ಲಿ ಹುಡುಕಬೇಕಾಗಿಲ್ಲ.

ಬೇಕಾಗಿದ್ದದ್ದು ತದ್ವಿರುದ್ಧ. 327ನ್ನು 80ರಿಂದ ಭಾಗಿಸಿದರೆ 4.1 ಮಿಲಿಸೆಕೆಂಡ್. ಪೀಕ್ ಆದ ಮೇಲೆ ಅಷ್ಟು ತಡವಾಗಿ ಲೋಹ ತಗಲುವಂತೆ ಇಟ್ಟರೆ ಆರ್ಕ್ ಪೀಕ್‌ನಲ್ಲೇ ಹಾರುತ್ತದೆ. ಕೂಡಿದ ಕ್ಷಣವನ್ನು ನಿಜವಾಗಿ ಹೇಳುವುದು ಟ್ರಾನ್ಸ್‌ಫಾರ್ಮರ್ ಕಡೆಯ ವೋಲ್ಟೇಜ್. ಆ ಚಾನಲ್ ರೆಕಾರ್ಡರ್‌ಗೆ ಇಲ್ಲದಿದ್ದರೆ ಚಾರ್ಜ್ ಮಾಡುವ ಮುಂಚೆ ಹಾಕಿಸಿಕೊಳ್ಳಬೇಕು. ಬ್ರೇಕರ್‌ನ ಆಕ್ಸಿಲರಿ ಕಾಂಟ್ಯಾಕ್ಟ್ ನೋಡಿ ನಿರ್ಧರಿಸುವುದಂತೂ ಬೇಡವೇ ಬೇಡ, ಅದಕ್ಕೆ ಅದರದ್ದೇ ಕಾಲ.

ವೈ, ಬಿ ಪೋಲ್‌ಗಳಿಗೆ ಇದೇ 4.1 ನಕಲು ಮಾಡುವವರೂ ಇದ್ದಾರೆ. ನ್ಯೂಟ್ರಲ್ ಅರ್ತ್ ಆಗಿ ಡೆಲ್ಟಾ ಟರ್ಷಿಯರಿ ಇರುವ ಟ್ರಾನ್ಸ್‌ಫಾರ್ಮರ್‌ನಲ್ಲಿ ಆರ್ ಸೇರಿದ ಮೇಲೆ ಉಳಿದೆರಡರಲ್ಲಿ ಅದರ ಅರ್ಧ ವೋಲ್ಟೇಜ್ ತಲೆಕೆಳಗಾಗಿ ಬಂದಿರುತ್ತದೆ. ಅವೆರಡನ್ನೂ ಕೆಲವು ಸೈಕಲ್ ಬಿಟ್ಟು, ಆರ್ ವೋಲ್ಟೇಜ್ ಸೊನ್ನೆ ದಾಟುವಾಗ ಒಟ್ಟಿಗೆ ಸೇರಿಸಬೇಕು. ಆಗ ಗ್ಯಾಪ್ ಮೇಲಿರುವುದು 283 ಕೆವಿ, ಆದ್ದರಿಂದ ತಡ 3.5 ಮಿಲಿಸೆಕೆಂಡ್. ನಡುವಿನ ಆ ಸೈಕಲ್‌ಗಳಲ್ಲಿ ವೈ, ಬಿ ಲಿಂಬ್‌ಗಳ ಉಳಿಕೆ ಫ್ಲಕ್ಸ್ ತಾನಾಗಿ ಸಮವಾಗಿ ಅಳಿಯುತ್ತದೆ. ಅವಸರಪಟ್ಟು ಐದೇ ಮಿಲಿಸೆಕೆಂಡ್‌ಗೆ ಸೇರಿಸಿದರೆ ಈ ಲಾಭ ಸಿಗದು.

ಆರ್ ಫೇಸ್‌ಗೆ ಮಾತ್ರ ಆ ಕ್ಷಮೆ ಇಲ್ಲ. ಡಿಸಿ ಹರಿಸಿ ವೈಂಡಿಂಗ್ ರೆಸಿಸ್ಟೆನ್ಸ್ ಅಳೆದು ಹಾಗೇ ಬಿಟ್ಟ ಕೋರ್‌ನಲ್ಲಿ ಎಷ್ಟು ಫ್ಲಕ್ಸ್ ಉಳಿದಿದೆ ಎಂದು ಕಂಟ್ರೋಲರ್‌ಗೆ ಗೊತ್ತಾಗುವುದೇ ಇಲ್ಲ. ಅದು ಲೆಕ್ಕ ಇಡುವುದು ಕಳೆದ ಸಲ ಬ್ರೇಕರ್ ಬಿಚ್ಚಿದಾಗಿನ ವೋಲ್ಟೇಜಿನಿಂದ. ಆ ಟೆಸ್ಟ್ ಆದಮೇಲೆ ಡಿಮ್ಯಾಗ್ನಟೈಸ್ ಮಾಡಿಯೇ ಚಾರ್ಜ್ ಮಾಡಬೇಕು.